ಹೋಂವರ್ಕಿನ ತಪ್ಪು ನಿನ್ನ ಕೈಗೆ ಬರಲಿ

ಶಿಡ್ಲಘಟ್ಟ

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೂರನೇ ಕ್ಲಾಸಿನ ಮಕ್ಕಳ ಹೋಂವರ್ಕನ್ನು ಮನೆಯವರೇ ಮಾಡಿ ಕಳಿಸುತ್ತಾರೆ, ಅವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳುವುದು ಅಂತ ಕೇಳಿದ್ದೀಯ. ಫೋನಿನಲ್ಲಿ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಲೆಕ್ಕ ತಗೋ. 52ರಲ್ಲಿ 27 ಕಳೆಯಬೇಕು. ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದು 5 ಇಡುತ್ತಾರೆ. ಆಮೇಲೆ ಐದರಲ್ಲಿ ಎರಡು ಹೋದರೆ 3. ಅದು ಸುಮ್ನೆ ಆದ ತಪ್ಪಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅನ್ನುವುದು ಮಗುವಿನ ತಲೆಯಲ್ಲಿ ಕೂತಿದೆ. ಆ 35 ನೋಡಿದ ಕೂಡಲೇ ಏನು ಮಾಡಬೇಕು ಅಂತ ನಿನಗೆ ಗೊತ್ತಾಗುತ್ತದೆ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, ಒಂದು ಕಟ್ಟನ್ನು ಅವನ ಕೈಯಲ್ಲೇ ಬಿಚ್ಚಿಸುತ್ತೀಯ. ಈಗ ಬಿಡಿ 12, ಅದರಲ್ಲಿ ಏಳು ತೆಗೆದರೆ 5. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಹೋದರೆ 2. ಉತ್ತರ 25. ಮನೆಯಲ್ಲೇ 25 ಬರೆಸಿ ಕಳಿಸಿದರೆ ನೀನು ರೈಟ್ ಹಾಕಿ ಮುಂದಿನ ಪಾಠಕ್ಕೆ ಹೋಗುತ್ತೀಯ. ಮೂರಂಕಿಯ ಲೆಕ್ಕ ಬಂದಾಗ ಮಗು ಅಲ್ಲೇ ನಿಂತಿರುತ್ತದೆ.

ಅನುಮಾನ ಬಂದರೆ ಪುಸ್ತಕ ಮುಚ್ಚಿಸಿ, ಅದೇ ತರಹದ ಎರಡು ಲೆಕ್ಕ ಸ್ಲೇಟಿನ ಮೇಲೆ ಮಾಡಿಸು. ಮಗುವನ್ನು ಮಾತ್ರ ‘ಯಾರು ಬರೆದದ್ದು?’ ಅಂತ ಎಲ್ಲರೆದುರು ಕೇಳಬೇಡ.

ಇನ್ನು ಅಮ್ಮಂದಿರ ವಿಷಯ. ಅವರೇನು ಬೇಕಂತ ಮಾಡಲ್ಲ. ನಮ್ಮ ಕಡೆ ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಸೊಪ್ಪು ಹಾಕುವುದಕ್ಕೇ ಹೊತ್ತು ಸಾಲಲ್ಲ. ಮಗು ಅಳುತ್ತಿರುತ್ತದೆ, ಬೆಳಗ್ಗೆ ಕೆಂಪು ಗೀಟು ಬಿದ್ದರೆ ಮೇಡಂ ಬೈತಾರೆ ಅನ್ನೋ ಭಯ ಬೇರೆ. ಡೈರಿಯಲ್ಲಿ ಬರೆದು ಕಳಿಸಿದರೆ ಆ ಭಯ ಇನ್ನೂ ಜಾಸ್ತಿ. ಮಗುವನ್ನು ಕರೆದುಕೊಂಡು ಹೋಗಲು ಬಂದಾಗ ಪಕ್ಕಕ್ಕೆ ಕೂರಿಸಿಕೊಂಡು ಮಾತಾಡು. ‘ನೀವು ಇಷ್ಟು ಕಾಳಜಿ ಮಾಡ್ತೀರಲ್ಲ, ಅದರಲ್ಲಿ ನನಗೂ ಒಂದು ಸಹಾಯ ಬೇಕು. ಅವನು ಎಲ್ಲಿ ತಪ್ತಾನೆ ಅಂತ ನನಗೆ ಕಾಣಬೇಕು, ತಪ್ಪನ್ನು ಹಾಗೇ ಕಳಿಸಿ’ ಅನ್ನು. ಸ್ಲೇಟಿನ 35 ತೋರಿಸು. ಅವರಿಗೆ ಓದು ಬರಹ ಬರದಿದ್ದರೂ ಕಡ್ಡಿ ಕಟ್ಟು ಅರ್ಥವಾಗುತ್ತದೆ.

ಮಾಡಬೇಡಿ ಅಂದರೆ ಸಾಲದು, ಏನು ಮಾಡಬೇಕು ಅಂತಲೂ ಹೇಳು. ಕಾಲು ಗಂಟೆ ಹತ್ತಿರ ಕೂತರೆ ಸಾಕು. ‘ಇದನ್ನ ಹೇಗೆ ಮಾಡಿದೆ, ಹೇಳು ನೋಡೋಣ’ ಅಂತ ಕೇಳಲಿ. ಬರದಿದ್ದರೆ ಆ ಲೆಕ್ಕಕ್ಕೆ ಸುತ್ತು ಹಾಕಿ ಪುಸ್ತಕ ಮುಚ್ಚಲಿ. ಸುತ್ತು ಹಾಕಿದ್ದಕ್ಕೆ ನೀನು ಬೈಯುವಂತಿಲ್ಲ. ಒಂದು ಸಲ ಬೈದರೂ ಮಾರನೇ ದಿನದಿಂದ ಎಲ್ಲ ಉತ್ತರವೂ ಸರಿಯಾಗೇ ಬರುತ್ತದೆ.

ನಿನ್ನ ಕಡೆಯಿಂದಲೂ ಸ್ವಲ್ಪ ನೋಡು. 2020ರ ಶಾಲಾ ಬ್ಯಾಗ್ ನೀತಿ ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಬೇಡ ಅನ್ನುತ್ತದೆ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಒಂದು ಪುಟ ಲೆಕ್ಕದ ಬದಲು ನಾಲ್ಕು ಲೆಕ್ಕ ಕೊಡು. ಅರ್ಧ ಕ್ಲಾಸು ಒಂದೇ ಲೆಕ್ಕಕ್ಕೆ ಸುತ್ತು ಹಾಕಿಕೊಂಡು ಬಂದರೆ ಅವತ್ತು ಹೊಸ ಪಾಠ ಬೇಡ, ಕಡ್ಡಿ ಕಟ್ಟು ಮತ್ತೆ ತೆಗೆ.

ಇಂತಿ,
ನಿನ್ನ ದೊಡ್ಡಮ್ಮ