ಗ್ಲೌಸ್ ಕೊಟ್ಟರೆ ಕೈ ಉಳಿಯುತ್ತದೆಯೇ? ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ನಾನು ಚರ್ಮದ ಡಾಕ್ಟರು. ಪಾತ್ರೆ ತೊಳೆದು, ನೆಲ ಒರೆಸಿ ಕೈ ಒಡೆದುಕೊಂಡು ಬರುವ ಹೆಂಗಸರನ್ನು ದಿನಾ ನೋಡುತ್ತೇನೆ. ಸ್ವಚ್ಛತಾ ಕೆಲಸದ ಗುತ್ತಿಗೆ ಪತ್ರಗಳಲ್ಲಿ ಇವರಿಗಾಗಿ ಬರೆಯುವ ‘ಗ್ಲೌಸ್’ ಎಂಬ ಒಂದು ಸಾಲಿನ ಬಗ್ಗೆ ತಮ್ಮ ಹತ್ತಿರ ಮಾತಾಡಬೇಕಿದೆ.

ಮೊದಲು ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್, ಸಂಜೆ ಎರಡು ಮನೆಯ ಪಾತ್ರೆ, ಆಮೇಲೆ ಸ್ವಂತ ಮನೆಯ ಕೆಲಸ. ಮೊದಲು ತುರಿಕೆ ಬಂದಿದ್ದು ಉಂಗುರದ ಕೆಳಗೆ. ಸೋಪಿನ ನೀರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಒಣಗುವುದೇ ಇಲ್ಲ. ಅಲ್ಲಿಂದ ಬೆರಳ ಸಂದಿಗೆ, ಆಮೇಲೆ ಕೈಯ ಮೇಲ್ಭಾಗಕ್ಕೆ ಹಬ್ಬಿತು. ಕೊನೆಗೆ ಬೆರಳ ತುದಿ ಸೀಳಿ, ಅನ್ನ ಕಲಸುವಾಗ ಖಾರ ತಾಗಿದರೆ ಜೀವ ಹೋಗುವಷ್ಟು ಉರಿ. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟರು. ಹಚ್ಚಿದಾಗ ಕಮ್ಮಿ, ಬಿಟ್ಟಾಗ ಮತ್ತೆ ಜಾಸ್ತಿ.

ಇದು ಹುಳಕಡ್ಡಿಯೋ, ಕಜ್ಜಿಯೋ ಅಂತ ನೋಡಿದೆ. ಹುಳಕಡ್ಡಿಯಾದರೆ ಹೆಚ್ಚಾಗಿ ಒಂದೇ ಕೈಯಲ್ಲಿರುತ್ತದೆ, ಪಾದದಲ್ಲೂ ಇರುತ್ತದೆ. ಕಜ್ಜಿಯಾದರೆ ರಾತ್ರಿ ತುರಿಕೆ ಏರುತ್ತದೆ, ಮನೆಯ ಬೇರೆಯವರೂ ಕೆರೆದುಕೊಳ್ಳುತ್ತಿರುತ್ತಾರೆ. ಇವರಿಗೆ ಎರಡೂ ಕೈ ಒಂದೇ ಥರ, ಪಾದ ಸರಿಯಾಗಿದೆ, ಮನೆಯವರಿಗೆ ಏನೂ ಇಲ್ಲ. ಜಾತ್ರೆಗೆ ಊರಿಗೆ ಹೋದಾಗ ಕೈ ಸುಧಾರಿಸಿತ್ತು, ಕೆಲಸಕ್ಕೆ ಬಂದ ಮೇಲೆ ಮತ್ತೆ ಶುರು. ಅಲ್ಲಿಗೆ ಉತ್ತರ ಸಿಕ್ಕಿತು. ಇದು ಸೋಪು ಮತ್ತು ನೀರಿನಿಂದ ಬಂದ ಎಕ್ಸಿಮಾ.

ಚರ್ಮದ ಮೇಲ್ಪದರದಲ್ಲಿ ಜಿಡ್ಡಿನ ಅಂಶವಿದೆ. ಪಾತ್ರೆಯ ಜಿಡ್ಡು ತೆಗೆಯುವ ಸೋಪು ಅದನ್ನೂ ತೆಗೆಯುತ್ತದೆ. ಬಿಸಿ ನೀರಾದರೆ ಇನ್ನೂ ಬೇಗ. ಆಮೇಲೆ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ರಾಸಾಯನಿಕ ಒಳಗೆ ಬರುತ್ತದೆ. ಕೈ ನೋಡೋಕೆ ಚೆನ್ನಾಗಿ ಕಂಡರೂ ಆ ಪದರ ಗಟ್ಟಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕು.

‘ಗ್ಲೌಸ್ ಕೊಟ್ಟಿದ್ದೇವಲ್ಲ’ ಅಂತ ಗುತ್ತಿಗೆದಾರರು ಹೇಳುತ್ತಾರೆ. ಆ ಹೆಂಗಸಿಗೂ ಕೊಟ್ಟಿದ್ದರು. ಪಾಳಿ ಪೂರ್ತಿ ಬರಿಗೈಗೆ ಅದನ್ನೇ ಹಾಕಿಕೊಂಡು, ಒಳಗೆ ಬೆವರಿ, ಮಣಿಕಟ್ಟಿನಿಂದ ನೀರು ಇಳಿದು, ಕೈ ದಿನವಿಡೀ ಒದ್ದೆಯಾಗಿಯೇ ಇತ್ತು. ಗ್ಲೌಸಿನೊಳಗೆ ಸೋಪಿನ ನೀರು ಸೇರಿಕೊಂಡರೆ ಬರಿಗೈಯಲ್ಲಿ ತೊಳೆದದ್ದಕ್ಕಿಂತ ಕೆಡುಕು. ಇನ್ನು ಕೆಲವರಿಗೆ ರಬ್ಬರಿನಲ್ಲಿ ಬೆರೆಸುವ ರಾಸಾಯನಿಕವೇ ಅಲರ್ಜಿ. ಗ್ಲೌಸ್ ಮುಗಿಯುವ ಕಡೆ ಮಣಿಕಟ್ಟಿನಲ್ಲಿ ಗೆರೆ ಎಳೆದ ಹಾಗೆ ಕೆಂಪು ನಿಂತಿದ್ದರೆ ಅದರ ಅನುಮಾನ ಪಡಬೇಕು. ಅಂಥವರಿಗೆ ಪ್ಲಾಸ್ಟಿಕ್ಕಿನ, ಅಂದರೆ ವಿನೈಲ್ ಗ್ಲೌಸ್ ಬೇಕು.

ಆದ್ದರಿಂದ ಗುತ್ತಿಗೆಯ ಆ ಸಾಲು ಸ್ವಲ್ಪ ಉದ್ದವಾಗಬೇಕು. ಮಣಿಕಟ್ಟು ದಾಟಿ ಮೊಣಕೈಗೆ ಅರ್ಧ ದಾರಿಯವರೆಗೆ ಬರುವ ದಪ್ಪ ಗ್ಲೌಸ್. ಅದರೊಳಗೆ ಹಾಕಿಕೊಳ್ಳಲು ತೆಳು ಹತ್ತಿಯ ಗ್ಲೌಸ್, ಒಬ್ಬರಿಗೆ ಕನಿಷ್ಠ ಮೂರು ಜೊತೆ, ಬೆವರಿದಾಗ ಬದಲಾಯಿಸುವಂತೆ. ತೂತಾದ ದಿನವೇ ಹೊಸ ಜೊತೆ, ತಿಂಗಳ ಕೊನೆವರೆಗೆ ಕಾಯಿಸಬಾರದು. ಬಟ್ಟೆ ಹಿಂಡುವ ಕೆಲಸ ತಪ್ಪಿಸುವ, ಉದ್ದ ಹಿಡಿಯ ಮಾಪು ಮತ್ತು ಹಿಂಡುವ ಬಕೆಟ್. ಇವೆಲ್ಲಕ್ಕಿಂತ ಮುಖ್ಯವಾಗಿ ಪೆಟ್ರೋಲಿಯಂ ಜೆಲ್ಲಿ. ಎರಡೂ ಕೈಗೆ ಒಂದು ಸಲಕ್ಕೆ ಸುಮಾರು 1 ಗ್ರಾಂ ಬೇಕು. ದಿನಕ್ಕೆ ಐದು ಸಲ ಅಂದರೆ ತಿಂಗಳಿಗೆ 150 ಗ್ರಾಂ. ಇಎಸ್‌ಐ ಔಷಧಾಲಯದಲ್ಲಿ ಕೈಗಿಡುವ ಸಣ್ಣ ಟ್ಯೂಬು ಎಷ್ಟು ದಿನ ಬಂದೀತು, ತಾವೇ ಲೆಕ್ಕ ಹಾಕಿ.

ಆ ಹೆಂಗಸಿಗೆ ನಾವು ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಎರಡು ವಾರ ರಾತ್ರಿ ಹೊತ್ತು ಸ್ಟೀರಾಯ್ಡ್ ಮುಲಾಮು, ಆಮೇಲೆ ನಿಧಾನಕ್ಕೆ ಕಮ್ಮಿ. ಕೆಲಸಕ್ಕೆ ಮುಂಚೆ ಉಂಗುರ ಬಿಚ್ಚುವುದು. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಗ್ಲೌಸ್, ಆಮೇಲೆ ತೆಗೆದು ಕೈ ಆರಿಸುವುದು. ಕೈ ತೊಳೆಯಲು ಪಾತ್ರೆ ಸೋಪು, ಬಟ್ಟೆ ಪುಡಿ ಮುಟ್ಟದಿರುವುದು. ತಣ್ಣೀರು ಸಾಕು. ಬೆರಳ ಸಂದಿ ಒರೆಸಿ, ಸ್ವಲ್ಪ ತೇವ ಇರುವಾಗಲೇ ಜೆಲ್ಲಿ. ರಾತ್ರಿ ದಪ್ಪಗೆ ಹಚ್ಚಿ ಹತ್ತಿ ಗ್ಲೌಸ್ ಹಾಕಿ ಮಲಗುವುದು. ಸೀಳು ಬೇಗ ಮುಚ್ಚಿತು. ಕೀವು, ಹಳದಿ ಹಕ್ಕಳೆ, ಊತ ಕಂಡರೆ ಅದು ಸೋಂಕು, ಕಾಯದೆ ಬರಬೇಕು ಅಂತಲೂ ಹೇಳಿದ್ದೆವು.

ಗೃಹಿಣಿಯರಿಗೆ ಗುತ್ತಿಗೆದಾರರಿಲ್ಲ, ಆದರೆ ರೋಗ ಇದೇ, ಉಪಾಯವೂ ಇದೇ. ಅವರಲ್ಲಿ ಇನ್ನೊಂದು ನೋಡಬೇಕು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಮಾತ್ರ ಒಡೆದಿದ್ದರೆ ಬೆಳ್ಳುಳ್ಳಿ ಇರಬಹುದು. ಬಲಗೈಲಿ ಚಾಕು ಹಿಡಿದು ಎಡಗೈಲಿ ಎಸಳು ಹಿಡಿಯುತ್ತಾರಲ್ವಾ, ಅದಕ್ಕೆ. ಗ್ಲೌಸ್ ಹಾಕಿದರೂ ಬೆಳ್ಳುಳ್ಳಿಯ ಅಂಶ ಒಳಗೆ ಬರುತ್ತದೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ, ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ರಾಸಾಯನಿಕ ಮತ್ತು ಬಣ್ಣ ತಾಗಿ ಬರುವ ಚರ್ಮರೋಗವೂ ಇತ್ತು. ಮನೆಗೆಲಸದವರ ಅಡುಗೆಮನೆ ಕಾರ್ಖಾನೆಯಲ್ಲ, ಹಾಗಾಗಿ ಆ ಪಟ್ಟಿ ಇವರನ್ನು ಮುಟ್ಟಲೇ ಇಲ್ಲ. ಮನೆಗೆಲಸದವರನ್ನೂ ಸೇರಿಸಿ ಕೈಯ ಎಕ್ಸಿಮಾವನ್ನು ಕೆಲಸದಿಂದ ಬಂದ ರೋಗ ಅಂತ ದಾಖಲಿಸುವ ವ್ಯವಸ್ಥೆ ಮಾಡಿಸಿ. ಗುತ್ತಿಗೆಯ ಆ ಸಾಲನ್ನಂತೂ ಮುಂದಿನ ಟೆಂಡರಿಗೆ ಮುಂಚೆಯೇ ತಿದ್ದಬಹುದು, ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಇಂತಿ ನಮಸ್ಕಾರಗಳು,
ಒಬ್ಬ ಚರ್ಮದ ಡಾಕ್ಟರು