ಡೊಮೈನ್‌ನ ಎರಡನೇ ವರ್ಷದ ಬೆಲೆ ಮೊದಲ ದಿನವೇ ಕಾಣಲಿ: ಸಚಿವ ಪ್ರಲ್ಹಾದ ಜೋಶಿ ಅವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ನಮಸ್ಕಾರಗಳು.

ನಾನು ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ನಿಮ್ಮದೇ ಕ್ಷೇತ್ರದ ಧಾರವಾಡದಲ್ಲಿ ಕಸೂತಿ ಸೀರೆ ಮಾರುವ ಒಬ್ಬ ಅಕ್ಕನಿಗೆ ಆದದ್ದನ್ನು ನಿಮಗೆ ಹೇಳಬೇಕು.

ಅವರು ತಮ್ಮ ಅಂಗಡಿ ಹೆಸರಿನಲ್ಲಿ ಒಂದು .com ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸ, ಕೊಂಡರು. ಜಾಹೀರಾತಿನಲ್ಲಿ ಇದ್ದದ್ದು 199 ರೂಪಾಯಿ. ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಮಾಲೀಕರ ವಿವರ ಮುಚ್ಚಿಡುವ 399 ರೂಪಾಯಿಯ 'ಪ್ರೈವಸಿ' ಸೇವೆ ಸೇರಿಕೊಂಡಿತ್ತು. ಅದಕ್ಕೆ ಟಿಕ್ ಹಾಕಿದ್ದು ಅವರಲ್ಲ, ಮೊದಲೇ ಬಿದ್ದಿತ್ತು. ಜಿಎಸ್‌ಟಿ ಸೇರಿ 706 ಕಟ್ಟಿದರು. ಮರುವರ್ಷ ಬಂದ ಬಿಲ್ಲಿನಲ್ಲಿ ಡೊಮೈನ್‌ಗೆ 1,499, ಪ್ರೈವಸಿಗೆ 599. ಜಿಎಸ್‌ಟಿ ಸೇರಿ 2,476 ರೂಪಾಯಿ.

ಮೊದಲ ವರ್ಷ ಕಡಿಮೆಗೆ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. .com ನಡೆಸುವ ವೆರಿಸೈನ್ ಕಂಪನಿಯ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು. ಅಂದರೆ 199ಕ್ಕೆ ಮಾರಿದವರಿಗೆ ಕೈಯಿಂದಲೇ ಹೋಗುತ್ತದೆ. ಅದನ್ನು ಅವರು ರಿನ್ಯೂವಲ್‌ನಲ್ಲಿ ವಸೂಲಿ ಮಾಡುತ್ತಾರೆ. ಮಾಡಲಿ, ಆದರೆ ಆ ಬೆಲೆಯನ್ನು ಕೊಳ್ಳುವಾಗಲೇ ಕಣ್ಣಿಗೆ ಕಾಣುವ ಹಾಗೆ ಹೇಳಬೇಕು ಅಲ್ವಾ? ಡೊಮೈನ್‌ಗಳ ಜಾಗತಿಕ ಸಂಸ್ಥೆ ಐಕ್ಯಾನ್‌ನ ನಿಯಮದ ಪ್ರಕಾರ ರಿನ್ಯೂವಲ್ ದರ ಕಂಪನಿಯ ವೆಬ್‌ಸೈಟಿನಲ್ಲಿ ಸ್ಪಷ್ಟವಾಗಿ ಇರಬೇಕು. ಆದರೆ ಹಣ ಕಟ್ಟುವ ಗುಂಡಿಯ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಈ ಅಕ್ಕ ಕೊಂಡ ಕಡೆ ಅದು ಪುಟದ ಕೊನೆಯ ಒಂದು ಲಿಂಕಿನ ಹಿಂದೆ ಇತ್ತು.

ಇನ್ನು ಪ್ರೈವಸಿ. ಯುರೋಪಿನ ಖಾಸಗಿತನದ ಕಾನೂನು 2018ರ ಮೇ ತಿಂಗಳಲ್ಲಿ ಜಾರಿಯಾದ ಮೇಲೆ, ಡೊಮೈನ್ ಮಾಲೀಕರ ಹೆಸರು, ಫೋನ್, ವಿಳಾಸವನ್ನು ಬಹಳಷ್ಟು ಕಂಪನಿಗಳು ಸಾರ್ವಜನಿಕ ದಾಖಲೆಯಲ್ಲಿ ಪುಕ್ಕಟೆಯಾಗಿಯೇ ಮುಚ್ಚಿಡುತ್ತಿವೆ. ನಾನು ಈ ಅಕ್ಕನ ಪ್ರೈವಸಿ ಸೇವೆಯನ್ನು ನಿಲ್ಲಿಸಿ lookup.icann.org ನಲ್ಲಿ ಹುಡುಕಿದೆ. ಹೆಸರಿನ ಜಾಗದಲ್ಲಿ REDACTED ಅಂತ ಬಂತು. ಕಾಣಿಸಿದ್ದು ರಾಜ್ಯ ಮತ್ತು ದೇಶ ಮಾತ್ರ. ಅದಾಗಲೇ ಮುಚ್ಚಿರುವುದನ್ನೇ ಮುಚ್ಚಲು ಅವರಿಂದ ವರ್ಷಕ್ಕೆ 599 ಕೇಳಿದ್ದರು.

ಬೇರೆ ಕಂಪನಿಯಲ್ಲಿ ಇದೇ ಡೊಮೈನ್‌ಗೆ ಜಿಎಸ್‌ಟಿ ಸೇರಿ ಸುಮಾರು 1,300 ರೂಪಾಯಿ ಆಗುತ್ತಿತ್ತು. ಅವಧಿ ಮುಗಿಯಲು ಇನ್ನೂ ಒಂದೂವರೆ ತಿಂಗಳಿತ್ತು. ವರ್ಗಾಯಿಸೋಣ ಅಂತ ಹೊರಟೆವು. ಅದಕ್ಕೆ ಡೊಮೈನ್‌ನ ಲಾಕ್ ತೆಗೆದು, ಒಂದು ಗುಪ್ತ ಕೋಡ್ ಪಡೆಯಬೇಕು. ಆ ಕೋಡ್ ಹೋಗುವುದು ನೋಂದಾಯಿತ ಇಮೇಲ್‌ಗೆ. ಅಲ್ಲಿದ್ದದ್ದು, ಮೊದಲು ಎಲ್ಲ ಮಾಡಿಕೊಟ್ಟಿದ್ದ ಅವರ ಅಣ್ಣನ ಮಗನ ಹಳೆಯ ಇಮೇಲ್. ಅದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಅಕ್ಕ ತಮ್ಮ ಖಾತೆಗೆ ಹೋಗಿ ಇಮೇಲ್ ಬದಲಿಸಿದರು. ಆಗ ಬೇರೆ ಕಂಪನಿಗೆ ವರ್ಗಾಯಿಸಲಾಗದ ಹಾಗೆ 60 ದಿನದ ಇನ್ನೊಂದು ಲಾಕ್ ಬಿತ್ತು.

ಮಾಲೀಕರ ಹೆಸರು, ಸಂಸ್ಥೆ ಅಥವಾ ಇಮೇಲ್ ಬದಲಾದರೆ ಹೀಗೆ ಲಾಕ್ ಬೀಳುತ್ತದೆ. ಕಳ್ಳರು ಖಾತೆಗೆ ನುಗ್ಗಿ ಡೊಮೈನ್ ಹಾರಿಸಿಕೊಂಡು ಹೋಗಬಾರದು ಅಂತ ಮಾಡಿದ ನಿಯಮ ಇದು. ಉದ್ದೇಶ ಒಳ್ಳೆಯದೇ. ಆದರೆ ಬದಲಾವಣೆಗೆ ಮುಂಚೆಯೇ 'ಲಾಕ್ ಬೇಡ' ಎನ್ನುವ ಆಯ್ಕೆ ಕೊಡಲು ಕಂಪನಿಗೆ ಅವಕಾಶವಿದೆ. ಕೊಡಲೇಬೇಕು ಅಂತಿಲ್ಲ. ಇವರಿಗೆ ಕೊಡಲಿಲ್ಲ. 45 ದಿನದಲ್ಲಿ ಅವಧಿ ಮುಗಿಯುತ್ತದೆ, 60 ದಿನ ಹೊರಗೆ ಹೋಗುವ ಹಾಗಿಲ್ಲ. ಕಾಯ್ದರೆ ವೆಬ್‌ಸೈಟೂ ಆರ್ಡರ್ ಬರುವ ಇಮೇಲೂ ನಿಲ್ಲುವ ಅಪಾಯ. ಕೊನೆಗೆ ಹಳೆಯ ಕಡೆಯೇ 1,499 ಮತ್ತು ಜಿಎಸ್‌ಟಿ ಕಟ್ಟಿದರು. ಬದಲಾವಣೆಗೆ ಬೀಳುವ ಈ ಲಾಕನ್ನು ತೆಗೆದುಬಿಡಿ ಅಂತ ಐಕ್ಯಾನ್‌ನ ಕಾರ್ಯತಂಡವೇ 2025ರಲ್ಲಿ ಶಿಫಾರಸು ಮಾಡಿದೆ. ಅದು ಜಾರಿಗೆ ಬರುವವರೆಗೆ ಇಂಥವರು ಸಿಕ್ಕಿಹಾಕಿಕೊಳ್ಳುತ್ತಲೇ ಇರುತ್ತಾರೆ.

ಸಚಿವರೇ, ಐಕ್ಯಾನ್ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ, ಗ್ರಾಹಕರ ದಾರಿ ತಪ್ಪಿಸುವ ವೆಬ್ ವಿನ್ಯಾಸಗಳ ವಿರುದ್ಧದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ನಿಮ್ಮ ಇಲಾಖೆಯದು. ಗ್ರಾಹಕರ ಒಪ್ಪಿಗೆಯಿಲ್ಲದೆ ಬುಟ್ಟಿಗೆ ಸಾಮಾನು ಸೇರಿಸುವುದನ್ನೂ, ಬೆಲೆಯ ಭಾಗಗಳನ್ನು ಮೊದಲು ಹೇಳದೆ ಆಮೇಲೆ ಹೊರಗೆ ತೆಗೆಯುವುದನ್ನೂ ಅದು ನಿಷೇಧಿಸಿದೆ. ಮೂರು ತಿಂಗಳೊಳಗೆ ನಿಮ್ಮ ತಾಣಗಳನ್ನು ನೀವೇ ಪರಿಶೀಲಿಸಿಕೊಳ್ಳಿ ಅಂತ 2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿತ್ತು. ಡೊಮೈನ್ ಮಾರುವವರನ್ನೂ ಅದೇ ಕಣ್ಣಿನಿಂದ ನೋಡಲು ಪ್ರಾಧಿಕಾರಕ್ಕೆ ಹೇಳಿ.

ಹಣ ಕಟ್ಟುವ ಪುಟದಲ್ಲಿ ಮೊದಲ ವರ್ಷದ ಬೆಲೆಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಈಗಿನ ರಿನ್ಯೂವಲ್ ದರ ಜಿಎಸ್‌ಟಿ ಸೇರಿ ಕಾಣಬೇಕು. ಸಗಟು ದರ ಮುಂದೆ ಏರಬಹುದು, ಹಾಗಾಗಿ ಅದೇ ದರಕ್ಕೆ ಕಟ್ಟಿಹಾಕಿ ಅಂತ ಕೇಳುತ್ತಿಲ್ಲ. ಪ್ರೈವಸಿಯ ಟಿಕ್ ಖಾಲಿ ಇರಲಿ. ಅದನ್ನು ಕೊಳ್ಳದಿದ್ದರೆ ಯಾವ ವಿವರ ಹೊರಗೆ ಕಾಣುತ್ತದೆ ಅಂತ ಪಕ್ಕದಲ್ಲೇ ಬರೆಯಲಿ. ಇಮೇಲ್ ಬದಲಿಸುವ ಗುಂಡಿ ಒತ್ತುವ ಮುಂಚೆಯೇ 'ಇದರಿಂದ ಇಂಥ ದಿನಾಂಕದವರೆಗೆ ಲಾಕ್ ಬೀಳುತ್ತದೆ, ನಿಮ್ಮ ಡೊಮೈನ್ ಅವಧಿ ಇಂಥ ದಿನ ಮುಗಿಯುತ್ತದೆ' ಎಂದು ಎರಡೂ ದಿನಾಂಕ ತೋರಿಸಿ, ಲಾಕ್ ಬೇಡ ಎನ್ನುವ ಆಯ್ಕೆಯನ್ನೂ ಅಲ್ಲೇ ಕೊಡಲಿ.

ಅಕ್ಕನ ಎರಡೂ ವರ್ಷದ ಬಿಲ್ಲು ಮತ್ತು ಆ ಪುಟಗಳ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇವೆ. ನಿಮ್ಮ ಹುಬ್ಬಳ್ಳಿ ಕಚೇರಿಗೆ ಯಾವತ್ತು ಕರೆದರೂ ತಂದು ತೋರಿಸುತ್ತೇನೆ.

ಇಂತಿ,
ಹುಬ್ಬಳ್ಳಿಯ ಒಬ್ಬ ವೆಬ್ ಡೆವಲಪರ್