ರದ್ದಿ ಅಂಗಡಿಗೆ ಕೊನೆಗೆ ಹೋಗು

ಪ್ರಿಯ ತಮ್ಮ,

ಸೇಡಂನಿಂದ ನೀನು ಬರೆದ ಕಾಗದ ಮುಟ್ಟಿತು. ತಿಂಗಳಿಗೆ ಪುಸ್ತಕಕ್ಕಂತ ಇನ್ನೂರು ರೂಪಾಯಿ ತೆಗೆದಿಡುವುದೇ ಕಷ್ಟ, ಆದರೆ ಕವಿರಾಜಮಾರ್ಗದಿಂದ ಹಿಡಿದು ಈಗಿನ ಕಥೆಗಳ ತನಕ ಓದಬೇಕು ಅಂದಿದ್ದೀ. ಆ ಇನ್ನೂರು ಜೇಬಿನಲ್ಲೇ ಇರಲಿ. ಪುಸ್ತಕದ ಹೆಸರು ಕಿವಿಗೆ ಬಿದ್ದ ಕೂಡಲೇ ಬೆಲೆ ಕೇಳಬೇಡ, ಬರೆದವರು ಯಾವ ವರ್ಷ ತೀರಿಕೊಂಡರು ಅಂತ ಕೇಳು. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ವರ್ಷ ಮುಗಿದ ಮೇಲೆ ಅರವತ್ತು ವರ್ಷ ಬರಹದ ಹಕ್ಕುಸ್ವಾಮ್ಯ ಉಳಿಯುತ್ತದೆ. 1942ರಲ್ಲಿ ತೀರಿಕೊಂಡವರ ಬರಹ 2003ರ ಜನವರಿ 1ಕ್ಕೆ ಎಲ್ಲರದಾಯಿತು. ಅಂಥವನ್ನು ಮೊದಲು ಫೋನಿನಲ್ಲಿ ಹುಡುಕು. ತೀರಿಕೊಂಡು ಇನ್ನೂ ಅರವತ್ತು ವರ್ಷ ಆಗದವರನ್ನು ಗ್ರಂಥಾಲಯದಲ್ಲಿ ಹುಡುಕು. ಮತ್ತೆ ಮತ್ತೆ ತೆಗೆದು ನೋಡಬೇಕು ಅನಿಸಿದ್ದಕ್ಕೆ ಮಾತ್ರ ರೊಕ್ಕ.

ನೀನೇ ಕೇಳಿದ ಕವಿರಾಜಮಾರ್ಗವನ್ನೇ ತಗೋ. ನಿನ್ನ ತಾಲೂಕಿನ ಮಳಖೇಡದ ಅರಮನೆಯ ನೆರಳಲ್ಲಿ ಹುಟ್ಟಿದ ಗ್ರಂಥ, ಒಂಬತ್ತನೆಯ ಶತಮಾನದ್ದು. ಕೆ.ಬಿ. ಪಾಠಕರು ಅದನ್ನು ಸಂಪಾದಿಸಿ 1898ರಲ್ಲಿ ಅಚ್ಚು ಹಾಕಿಸಿದರು. archive.org ತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ರಾಶಿ ರಾಶಿ ಇವೆ. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡಿದ್ದಾರೆ. ಒಂದು ಸಲ ಹುಡುಕಿ ‘ಇಲ್ಲ’ ಅಂತ ಎದ್ದುಬಿಟ್ಟರೆ ಪುಸ್ತಕ ಅಲ್ಲೇ ಇದ್ದೂ ನಿನಗೆ ಸಿಗುವುದಿಲ್ಲ. ಹೀಗೆ ಹುಡುಕು:

```
title:(kavirajamarga OR "kaviraja marga" OR kavirajamargam)
```

ಬಂದ ಪಟ್ಟಿಯ ಹೆಸರನ್ನೂ ವರ್ಷವನ್ನೂ ನಂಬಬೇಡ, ಸ್ಕ್ಯಾನ್ ತೆರೆದು ಒಳಗಿನ ಮುಖಪುಟ ನೋಡು. in.ernet.dli ಅಂತ ಶುರುವಾಗುವ ಗುರುತಿದ್ದರೆ ಅದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಕಾಲದ ಸ್ಕ್ಯಾನ್. ಅವುಗಳಲ್ಲಿ ಪುಟ ಬಿಟ್ಟುಹೋಗಿರುವುದು, ಅಂಚು ಕತ್ತರಿಸಿಹೋಗಿರುವುದು, ಒಂದೇ ಪುಟ ಎರಡು ಸಲ ಬಂದಿರುವುದು ಉಂಟು. ಹಲವು ಹಳೆಯ ಸ್ಕ್ಯಾನ್‌ಗಳ ಒಳಗೆ ಕನ್ನಡ ಪದ ಹುಡುಕಲೂ ಆಗುವುದಿಲ್ಲ, ಯಂತ್ರ ಆ ಅಕ್ಷರಗಳನ್ನು ಓದಿಯೇ ಇರುವುದಿಲ್ಲ. ಹಾಗಾಗಿ ಪೂರ್ತಿ ಇಳಿಸಿಕೊಳ್ಳುವ ಮೊದಲು ತಾಣದಲ್ಲೇ ಪುಟ ಮಗುಚಿ ಪರೀಕ್ಷೆ ಮಾಡು; ದೊಡ್ಡ ಫೈಲು ಇಳಿಸಿದ ಮೇಲೆ ಅರ್ಧ ಪುಸ್ತಕ ಅಂತ ಗೊತ್ತಾದರೆ ಡೇಟಾ ದಂಡ. ಕವಿರಾಜಮಾರ್ಗಕ್ಕೆ ಸುಲಭದ ಪರೀಕ್ಷೆ ಇದೆ. ಮೊದಲ ಪರಿಚ್ಛೇದದ 36ನೆಯ ಪದ್ಯದ ಆಸುಪಾಸು ಹೋಗು. ‘ಕಾವೇರಿಯಿಂದಮಾ ಗೋದಾವರಿವರಮಿರ್ದ’ ಪದ್ಯ ಅಲ್ಲಿರಬೇಕು, ಒತ್ತಕ್ಷರಗಳು ಬಿಡಿಸಿ ಕಾಣಬೇಕು. ಆಮೇಲೆ ಮೂರನೆಯ ಪರಿಚ್ಛೇದದ ಕೊನೆ ಇದೆಯೋ ನೋಡು. ಇಷ್ಟು ಸರಿಯಿದ್ದರೆ ಇಳಿಸು. (ಆ ‘ಕಾವೇರಿಯಿಂದಮಾ’ ಪದ್ಯದ ಮುಂದಿನದನ್ನೂ ಓದು. ತಿರುಳ್ಗನ್ನಡದ ನಾಡು ಅಂತ ಅಲ್ಲಿ ಹೇಳಿರುವುದು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದದ ನಡುವಿನ ಸೀಮೆಯನ್ನು. ಮಳಖೇಡ ಆ ಗೆರೆಯ ಹೊರಗೇ ಉಳಿಯಿತು!)

ಈಗ ನಿನ್ನ ಹತ್ತಿರ ಮೂಲ ಇದೆ, ಅರ್ಥ ಇಲ್ಲ. ಹಳಗನ್ನಡದ ಪಠ್ಯ ಎಲ್ಲರದು, ಆದರೆ ಈಚಿನ ವಿದ್ವಾಂಸರು ಬರೆದ ಗದ್ಯಾನುವಾದ, ಟಿಪ್ಪಣಿ, ಪ್ರಸ್ತಾವನೆಗಳಿಗೆ ಹಕ್ಕು ಇನ್ನೂ ಇದೆ. ಅದಕ್ಕೇ ಗ್ರಂಥಾಲಯ. ಕಲಬುರಗಿಗೆ ಬಂದಾಗ ಸಾರ್ವಜನಿಕ ಗ್ರಂಥಾಲಯದ ಸದಸ್ಯನಾಗು. ಆಧಾರ್ ಪ್ರತಿ, ಫೋಟೊ ಜೊತೆಗಿರಲಿ. ಕಟ್ಟುವ ಠೇವಣಿ ಸದಸ್ಯತ್ವ ಬಿಟ್ಟಾಗ ವಾಪಸ್ ಬರುವ ರೊಕ್ಕ, ರಶೀದಿ ಮಾತ್ರ ಕಳೆಯಬೇಡ. ಸಂಕೋಚ ಬೇಡ, ಮನೆ ತೆರಿಗೆಯ ಜೊತೆ ನಿಮ್ಮ ಮನೆಯವರು ಗ್ರಂಥಾಲಯ ಕರವನ್ನೂ ಕಟ್ಟಿರುತ್ತಾರೆ.

ಒಳಗೆ ಹೋದ ಮೇಲೆ ‘ಆ ಪುಸ್ತಕ ಇದೆಯಾ ಸರ್’ ಅಂದರೆ ಬರುವ ಮೊದಲ ಉತ್ತರ ಸಾಮಾನ್ಯವಾಗಿ ‘ಇಲ್ಲ’. ನೀನೇ ಕಪಾಟಿಗೆ ಹೋಗು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದೆ 1 ಇದ್ದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ, 4 ಪ್ರಬಂಧ. ಅಂದರೆ ಕಾದಂಬರಿ 894.8143ರಲ್ಲಿ. ಅಲ್ಲಿ ಸಿಗದಿದ್ದರೆ ಜನ ವಾಪಸ್ ಕೊಟ್ಟು ಇನ್ನೂ ಕಪಾಟು ಸೇರದ ಮೇಜಿನ ರಾಶಿ ನೋಡು. ಚೆನ್ನಾಗಿ ಓಡುವ ಪುಸ್ತಕಗಳು ಕಪಾಟಿಗಿಂತ ಆ ಮೇಜಿನ ಮೇಲೇ ಹೆಚ್ಚು ದಿನ ಇರುತ್ತವೆ. ಹಳಗನ್ನಡದ ದಪ್ಪ ಸಂಪುಟಗಳು, ಪರಿಷತ್ತಿನ ದೊಡ್ಡ ನಿಘಂಟು ಪರಾಮರ್ಶನ ವಿಭಾಗದಲ್ಲಿದ್ದರೆ ಮನೆಗೆ ಕೊಡುವುದಿಲ್ಲ. ಅದಕ್ಕೆ ಉಪಾಯ ಹೀಗೆ: ಮೂಲ ಫೋನಿನಲ್ಲಿದೆಯಲ್ಲ, ಬರುವ ಮೊದಲು ಹತ್ತು ಪದ್ಯ ಓದಿ ತಿಳಿಯದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಅಕಾರಾದಿಯಾಗಿ ಬರೆದುಕೊಂಡು ಬಾ. ನಿಘಂಟಿನ ಮುಂದೆ ಒಂದು ತಾಸು ಕೂತರೆ ಹತ್ತೂ ಪದ್ಯ ಅರ್ಥವಾಗುತ್ತವೆ. ಕಿಟ್ಟೆಲ್ ಕೋಶ 1894ರದ್ದು, ಅದೂ archive.orgನಲ್ಲೇ ಇದೆ, ಊರಿನಲ್ಲಿದ್ದಾಗ ಅದು ಸಾಕು. ವಚನಗಳಿಗಾದರೆ ಸ್ಕ್ಯಾನಿನ ಗೊಡವೆಯೇ ಬೇಡ, vachana.sanchaya.net ತೆರೆದು ಒಂದು ಪದ ಕೊಟ್ಟರೆ ಅದು ಬರುವ ವಚನಗಳು ಸಿಗುತ್ತವೆ.

ಹೊಸ ಪುಸ್ತಕ ಗ್ರಂಥಾಲಯಕ್ಕೆ ತಡವಾಗಿ ಬರುತ್ತದೆ. ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆ, ಬಿಲ್ಲು, ಹಂಚಿಕೆ ಎಲ್ಲ ಮುಗಿಯಬೇಕಲ್ಲ. ಈ ವರ್ಷದ್ದೇ ಬೇಕು ಅಂತ ಹಟ ಹಿಡಿಯದಿದ್ದರೆ ದುಡ್ಡು ಉಳಿಯುತ್ತದೆ. ಇನ್ನೊಂದು ಮಾತು, ಎರವಲು ತೆಗೆದುಕೊಳ್ಳುವಾಗಲೇ ಹರಿದ ಪುಟ ಇದ್ದರೆ ಮೇಜಿನಲ್ಲಿ ತೋರಿಸಿ ಬರೆಸು, ಇಲ್ಲದಿದ್ದರೆ ಮರಳಿಸುವಾಗ ಅದು ನಿನ್ನ ತಲೆಗೆ.

ಇನ್ನು ರದ್ದಿ. ಹಳೆ ಪುಸ್ತಕಕ್ಕೆ ರಟ್ಟು ನೋಡಿ ಮರುಳಾಗಬೇಡ, ಫಾರಂ ನೋಡು. ಪುಸ್ತಕ ಸಾಮಾನ್ಯವಾಗಿ ಹದಿನಾರು ಪುಟದ ಫಾರಂಗಳಾಗಿ ಅಚ್ಚಾಗಿ, ಮಡಚಿ, ಸೇರಿಸಿ ಹೊಲಿದದ್ದು. ಆದ್ದರಿಂದ ತಪ್ಪು ಆಗುವುದೂ ಹದಿನಾರರ ಲೆಕ್ಕದಲ್ಲೇ. 16 ಆದ ಮೇಲೆ 17, 32 ಆದ ಮೇಲೆ 33, 48 ಆದ ಮೇಲೆ 49 ಇದೆಯೋ ನೋಡುತ್ತಾ ಹೋಗು. 32ರಿಂದ ನೇರ 49ಕ್ಕೆ ಹಾರಿದ್ದರೆ ಮೂರನೆಯ ಫಾರಂ ಇಲ್ಲ. ಮತ್ತೆ 17 ಬಂದಿದ್ದರೆ ಎರಡನೆಯದೇ ಎರಡು ಸಲ ಸೇರಿದೆ. ಹಳೆಯ ಪುಸ್ತಕಗಳಲ್ಲಿ 17, 33, 49ನೆಯ ಪುಟಗಳ ಬುಡದಲ್ಲಿ ಸಣ್ಣದಾಗಿ 2, 3, 4 ಅಂತ ಅಚ್ಚಾಗಿರುವುದೂ ಉಂಟು, ಅದು ಫಾರಂ ಸಂಖ್ಯೆ. ಇನ್ನೂರು ಪುಟದ ಪುಸ್ತಕಕ್ಕೆ ಇದೆಲ್ಲ ಒಂದು ನಿಮಿಷದ ಕೆಲಸ. ಆಮೇಲೆ ನಡುವೆ ಬಿಡಿಸಿ ದಾರ ಕಾಣುತ್ತದೋ ನೋಡು. ಬರೀ ಗೋಂದಿನ ಬೈಂಡಿಂಗ್ ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಗೋಂದು ಒಣಗಿ ಹಾಳೆ ಹಾಳೆಯಾಗಿ ಕೈಗೆ ಬರುತ್ತದೆ. ದಾರ ಇದ್ದರೆ ರಟ್ಟು ಹೋಗಿದ್ದರೂ ತಗೋ. ಗ್ರಂಥಾಲಯದ ಮುದ್ರೆ ಇದ್ದು, ರದ್ದು ಮಾಡಿದ ಮುದ್ರೆ ಇಲ್ಲದಿದ್ದರೆ ಕೆಳಗಿಡು. ಅದು ಯಾರೋ ಮರಳಿಸದೆ ಮಾರಿದ್ದಿರಬಹುದು.

ಒಂದೊಂದಾಗಿ ಬೆಲೆ ಕೇಳಿದರೆ ಅಂಗಡಿಯವರು ಮುಖ ನೋಡಿ ಹೇಳುತ್ತಾರೆ. ಐದಾರು ಆರಿಸಿ ಒಟ್ಟಿಗೆ ತೂಕಕ್ಕೆ ಕೇಳು. ಎಲ್ಲಕ್ಕಿಂತ ಲಾಭ ಹಳೆಯ ದೀಪಾವಳಿ ವಿಶೇಷಾಂಕಗಳದ್ದು. ಪತ್ರಿಕೆ ಅಂತ ರದ್ದಿ ದರಕ್ಕೇ ಬರುತ್ತವೆ, ಒಂದರೊಳಗೆ ಹತ್ತಾರು ಕಥೆ ಕವಿತೆ, ಎಷ್ಟೋ ಯಾವ ಸಂಕಲನದಲ್ಲೂ ಸೇರದಂಥವು. ಅವಕ್ಕೆ ನಡುವೆ ಪಿನ್ನು ಹಾಕಿರುತ್ತಾರೆ. ಅಲ್ಲಿಂದ ಬಣ್ಣದ ಹಾಳೆ ಕಿತ್ತಿದ್ದರೆ ಅದರ ಜೋಡಿ ಹಾಳೆಯೂ ಸಡಿಲಾಗಿ ಬಿದ್ದುಹೋಗಿರುತ್ತದೆ. ಪರಿವಿಡಿ ಹಿಡಿದು ಕಥೆಗಳ ಕೊನೆಯ ಪುಟ ಇದೆಯೋ ನೋಡು.

ತಂದದ್ದನ್ನು ಸೀದಾ ನಿನ್ನ ಪುಸ್ತಕಗಳ ಜೊತೆ ಇಡಬೇಡ. ಒಣ ಬ್ರಷ್‌ನಿಂದ ಬೆನ್ನಿನ ಸಂದು ಝಾಡಿಸಿ, ಒಂದು ವಾರ ನೆರಳಿನಲ್ಲಿ ಬಿಳಿ ಕಾಗದದ ಮೇಲೆ ಬೇರೆ ಇಡು. ಬಿಸಿಲಿಗೆ ಒಡ್ಡಿದರೆ ಹಳೆಯ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಮರುದಿನ ಬೆಳಿಗ್ಗೆ ಕಾಗದದ ಮೇಲೆ ಹೊಸದಾಗಿ ಸಣ್ಣ ಪುಡಿ ಉದುರಿದ್ದರೆ ಒಳಗೆ ಹುಳ ಇನ್ನೂ ಬದುಕಿದೆ.

ಇಂತಿ,
ನಿನ್ನ ಅಣ್ಣ
ಕಲಬುರಗಿ